ಒಂದೂವರೆ ಅನ್ನೋದು ಉಳಿತಾಯ ಖಾತೆ ಅಲ್ಲ

ಮೊನ್ನೆ ಭಾನುವಾರ ಗೆಳೆಯನೊಬ್ಬನ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಮೀಟಿಂಗಿಗೆ ಹೋಗಿದ್ದೆ. ನಾನು ಅಲ್ಲಿ ಮನೆಯವನಲ್ಲ. "ಸ್ಟ್ರಕ್ಚರಲ್ ಇಂಜಿನಿಯರ್ ಅಲ್ವಾ, ಸುಮ್ನೆ ಬಂದು ಒಂದು ಮಾತು ಹೇಳಿಬಿಡು" ಅಂತ ಕರೆದಿದ್ದ. ವಿಷಯ ಏನಪ್ಪಾ ಅಂದ್ರೆ ಟೆರೇಸ್ ಮೇಲೆ ಕೈತೋಟ. ಕುಂಡ ಅಲ್ಲ, ಇಟ್ಟಿಗೆ ಕಟ್ಟೆ ಕಟ್ಟಿ ಒಳಗೆ ಒಂದಡಿ ಕೆಂಪು ಮಣ್ಣು ತುಂಬಿ ಟೊಮೆಟೊ, ಬದನೆ, ಸೊಪ್ಪು ಬೆಳೆಯೋದು. ಕೊಟೇಶನ್ ಬಂದಾಗಿದೆ, ಮಣ್ಣಿನ ಲಾರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ನನ್ನಿಂದ ಬೇಕಾಗಿದ್ದದ್ದು ಒಂದು 'ಹೂಂ' ಮಾತ್ರ.

ತೂಕ ಎಷ್ಟಾಗುತ್ತೆ ಅಂತ ಕೇಳಿದೆ. ಯಾರೂ ಲೆಕ್ಕ ಹಾಕಿರಲಿಲ್ಲ. ಆಗ ಮೂರನೇ ಮಹಡಿಯ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರು ನಕ್ಕು ಹೇಳಿದರು: "ಸರ್, ನೀವು ಇಂಜಿನಿಯರ್‌ಗಳು ಫ್ಯಾಕ್ಟರ್ ಆಫ್ ಸೇಫ್ಟಿ ಅಂತ ಒಂದೂವರೆ ಹಾಕಿರ್ತೀರಲ್ಲ. ಅಂದ್ರೆ ಐವತ್ತು ಪರ್ಸೆಂಟ್ ಬಫರ್ ಇದೆ. ಇಂಥದ್ದಕ್ಕೇ ತಾನೇ ಅದು?"

ಅಲ್ಲ ಸ್ವಾಮಿ. ಇಂಥದ್ದಕ್ಕೆ ಅಲ್ಲವೇ ಅಲ್ಲ. ಮೀಟಿಂಗಿನಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದೆ ಒದ್ದಾಡಿದ್ದನ್ನು ಇಲ್ಲಿ ಪೂರ್ತಿ ಬರೆದು ಹಾಕ್ತಿದೀನಿ.

ಆ ಮ್ಯಾನೇಜರ್ ಮಾತು ಅವರ ಲೋಕದಲ್ಲಿ ಸರಿಯೇ. ಎರಡು ವಾರದ ಕೆಲಸಕ್ಕೆ ಮೂರು ವಾರ ಅಂತ ಎಸ್ಟಿಮೇಟ್ ಕೊಟ್ಟರೆ ಒಂದು ವಾರ ಕೈಯಲ್ಲಿರುತ್ತೆ, ಕ್ಲೈಂಟ್ ಹೊಸದೇನಾದರೂ ಕೇಳಿದರೆ ಅದರಲ್ಲಿ ತುರುಕಬಹುದು. ಕಟ್ಟಡದ ಒಂದೂವರೆ ಹಾಗಲ್ಲ. ಅದನ್ನು ಹಾಕಿದ ದಿನವೇ ಅದಕ್ಕೆ ಸಾಲಗಾರರು ಗೊತ್ತಾಗಿರುತ್ತಾರೆ.

ನಮ್ಮ ಕಾಂಕ್ರೀಟ್ ಕೆಲಸಕ್ಕೆಲ್ಲ ಆಧಾರ ಐಎಸ್ 456 ಅನ್ನುವ ಕೋಡ್. ಅದರಲ್ಲಿ ಒಂದೇ ಒಂದು ಫ್ಯಾಕ್ಟರ್ ಇಲ್ಲ, ಹಂಚಿ ಇಟ್ಟಿದ್ದಾರೆ. ಕಟ್ಟಡದ ಸ್ವಂತ ತೂಕ ಮತ್ತು ಜನ, ಸಾಮಾನಿನ ತೂಕ ಎರಡನ್ನೂ 1.5ರಿಂದ ಗುಣಿಸು ಅನ್ನುತ್ತದೆ. ಕಾಂಕ್ರೀಟಿನ ಶಕ್ತಿಯನ್ನು 1.5ರಿಂದ ಭಾಗಿಸು, ಕಬ್ಬಿಣದ ಶಕ್ತಿಯನ್ನು 1.15ರಿಂದ ಭಾಗಿಸು ಅನ್ನುತ್ತದೆ. ಕಬ್ಬಿಣಕ್ಕೆ ಬರೀ 1.15 ಯಾಕೆ? ಅದು ಕಾರ್ಖಾನೆಯಲ್ಲಿ ತಯಾರಾಗಿ, ಅಲ್ಲೇ ಪರೀಕ್ಷೆಯಾಗಿ ಬರುತ್ತದೆ, ಒಂದು ಕಂಬಿಗೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಇರಲ್ಲ. ಕಾಂಕ್ರೀಟ್ ಹಾಗಲ್ಲ, ಅದು ನಿಮ್ಮ ಸೈಟಿನಲ್ಲೇ ಹುಟ್ಟುವ ಕೂಸು. ಅಡಿಯಲ್ಲಿರುವ ಮಣ್ಣಿನ ಬಗ್ಗೆ ನಮಗೆ ಇನ್ನೂ ಕಡಿಮೆ ಗೊತ್ತು, ಅದಕ್ಕೇ ಪಾಯದ ಲೆಕ್ಕದಲ್ಲಿ ಎರಡೂವರೆ, ಮೂರು ಅಂತ ಭಾಗಿಸುತ್ತೇವೆ. ಪ್ರಯಾಣಿಕರ ವಿಮಾನದ ರೆಕ್ಕೆಗೆ ಮಾತ್ರ ಸಾಮಾನ್ಯವಾಗಿ 1.5 ಸಾಕು. ವಿಮಾನದವರು ಧೈರ್ಯವಂತರು ಅಂತಲ್ಲ. ಅವರು ರೆಕ್ಕೆಯನ್ನು ಪರೀಕ್ಷಾ ಶೆಡ್ಡಿನಲ್ಲಿ ಬಗ್ಗಿಸಿ ನೋಡಿರುತ್ತಾರೆ, ಒಂದೊಂದು ಭಾಗದ ಜಾತಕವನ್ನೂ ಬರೆದಿಟ್ಟಿರುತ್ತಾರೆ, ಆಮೇಲೂ ನಿಗದಿ ಮಾಡಿದ ಹೊತ್ತಿಗೆ ಬಿಚ್ಚಿ ನೋಡುತ್ತಾರೆ. ಅಂದರೆ ಆ ಅಂಕಿ ವಸ್ತುವಿನ ಗಟ್ಟಿತನದ ಅಳತೆಗಿಂತ ಹೆಚ್ಚಾಗಿ ನಮ್ಮ ಅಜ್ಞಾನದ ಅಳತೆ.

ಈಗ ಆ ಟೆರೇಸಿನ ಲೆಕ್ಕ. ಸ್ಲ್ಯಾಬಿನ ದಪ್ಪ 125 ಎಂಎಂ ಅಂದುಕೊಳ್ಳಿ. ಚದರ ಮೀಟರಿಗೆ ಅದರದ್ದೇ ತೂಕ ಸುಮಾರು 310 ಕೆಜಿ. ಮೇಲೆ ವಾಟರ್‌ಪ್ರೂಫಿಂಗ್, ಸ್ಲೋಪ್ ಕಾಂಕ್ರೀಟ್, ಟೈಲ್ಸ್ ಸೇರಿ ಇನ್ನೊಂದು 140. ಒಟ್ಟು 450. ಜನ ಓಡಾಡುವ ಟೆರೇಸಿಗೆ ಐಎಸ್ 875 ಹೇಳುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಕೂಡಿದರೆ 600. ಇದಕ್ಕೆ 1.5 ಹಾಕಿದರೆ 900. ಡಿಸೈನ್ ಮಾಡಿದವರು ಈ 900ಕ್ಕೆ ಸರಿಯಾಗಿ ಕಂಬಿ ಹಾಕಿದ್ದಾರೆ ಅನ್ನೋಣ.

ಒಂದಡಿ ಮಣ್ಣು, ಅಂದರೆ 300 ಎಂಎಂ. ಮಳೆಗಾಲದಲ್ಲಿ ನೀರು ಕುಡಿದ ಕೆಂಪು ಮಣ್ಣು ಘನ ಮೀಟರಿಗೆ ಸುಮಾರು 1800 ಕೆಜಿ ತೂಗುತ್ತೆ. ಆಗ ಚದರ ಮೀಟರಿಗೆ 540 ಕೆಜಿ ಆಯಿತು. ಹಳೆಯ 450, ಇದು 540, ಗಿಡಕ್ಕೆ ನೀರು ಹಾಕಲು ಬರುವ ಜನರ 150. ಒಟ್ಟು 1140.

ಒಂದೂವರೆ ಪಟ್ಟು ಮಾಡಿದ ಮೇಲೂ 900 ಇತ್ತು. ಈಗ ಗುಣಿಸದೆಯೇ, ನಿಜವಾಗಿ ಸ್ಲ್ಯಾಬ್ ಮೇಲೆ ಕೂತಿರುವುದು 1140. ಇಂಥ ತೆಳು ಸ್ಲ್ಯಾಬಿನಲ್ಲಿ ಸಾಮಾನ್ಯವಾಗಿ ಶಕ್ತಿ ನಿರ್ಧಾರ ಮಾಡೋದು ಕಂಬಿ, ಹಾಗಾಗಿ ಕಬ್ಬಿಣದ 1.15 ಅನ್ನೂ ವಾಪಸ್ ಕೊಟ್ಟುಬಿಡೋಣ: 900 × 1.15 = 1035. ಆದರೂ ಸಾಲಲ್ಲ. ಬಫರ್ ಕರಗಿದ್ದಲ್ಲ, ಬಫರ್ ದಾಟಿ ಹೋಗಿದೆ.

ಹಾಗಾದರೆ ಸ್ಲ್ಯಾಬ್ ಬೀಳುತ್ತಾ? ಪ್ರಾಮಾಣಿಕವಾಗಿ ಹೇಳಬೇಕು ಅಂದ್ರೆ, ಬಹುಶಃ ಬೀಳಲ್ಲ. ಕಂಬಿ ಸಾಮಾನ್ಯವಾಗಿ ಹೆಸರಿಗಿರುವ ಶಕ್ತಿಗಿಂತ ಸ್ವಲ್ಪ ಹೆಚ್ಚೇ ಇರುತ್ತೆ. ಲೆಕ್ಕಕ್ಕೆ ಬೇಕಾದ್ದಕ್ಕಿಂತ ಒಂದೆರಡು ಕಂಬಿ ಜಾಸ್ತಿ ಕಟ್ಟಿರುತ್ತಾರೆ. ನಾಲ್ಕೂ ಕಡೆ ಬೀಮ್ ಇರುವ ಸ್ಲ್ಯಾಬ್ ಭಾರವನ್ನು ಅಕ್ಕಪಕ್ಕಕ್ಕೆ ಹಂಚಿಕೊಳ್ಳುತ್ತದೆ. ಬಗ್ಗುತ್ತೆ, ಬಿರುಕು ಬಿಡುತ್ತೆ, ಬಿರುಕಿನಲ್ಲಿ ನೀರಿಳಿದು ಕಂಬಿ ತುಕ್ಕು ಹಿಡಿಯುತ್ತೆ, ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಕಂದು ಕಲೆ ಕಾಣುತ್ತೆ. ಬೀಳದೆ ನಿಂತಿದ್ದರೆ ಅದಕ್ಕೆ ಕಾರಣ ಯಾರೂ ಲೆಕ್ಕ ಹಾಕದ, ಯಾರೂ ಸಹಿ ಹಾಕದ ಸಂಗತಿಗಳು. ನಿಮ್ಮ ಮಗು ಮಲಗುವ ಕೋಣೆಯ ಮೇಲೆ ಹಾಗೆ ಬದುಕಬೇಕಾ ಅನ್ನೋದು ನನ್ನ ಜಗಳ.

ಇಷ್ಟಕ್ಕೂ ನಾನು ಇಲ್ಲಿ ತನಕ ಕಟ್ಟಡ ಡ್ರಾಯಿಂಗಿನಲ್ಲಿ ಇದ್ದ ಹಾಗೇ ಇದೆ ಅಂತ ಒಪ್ಪಿಕೊಂಡು ಲೆಕ್ಕ ಹಾಕಿದೆ. ಇರುತ್ತಾ?

ಎಂ25 ಕಾಂಕ್ರೀಟ್ ಅಂದರೆ ಏನು ಅಂತ ಹೊಸ ಇಂಜಿನಿಯರ್‌ಗಳನ್ನು ಕೇಳಿದರೆ "ಸರಾಸರಿ ಶಕ್ತಿ 25" ಅನ್ನುವವರು ಈಗಲೂ ಸಿಗ್ತಾರೆ. ತಪ್ಪು. 28 ದಿನ ಕಳೆದ ಮೇಲೆ ನೂರು ಕ್ಯೂಬ್ ಒಡೆದರೆ ಐದಕ್ಕಿಂತ ಹೆಚ್ಚು ಕ್ಯೂಬ್ 25ಕ್ಕಿಂತ ಕೆಳಗೆ ಹೋಗಬಾರದು ಅಂತ ಅದರ ಅರ್ಥ. ಹಾಗಾಗಬೇಕಾದರೆ ಸರಾಸರಿ ಇನ್ನೂ ಮೇಲಿರಬೇಕು. ಎಷ್ಟು ಮೇಲೆ ಅನ್ನೋದು ಕಾಂಕ್ರೀಟ್ ಎಷ್ಟು ಏರುಪೇರಾಗುತ್ತೆ ಅನ್ನೋದರ ಮೇಲೆ. ಒಳ್ಳೆಯ ನಿಯಂತ್ರಣ ಇದ್ದರೆ ಎಂ25ಕ್ಕೆ ಆ ಏರುಪೇರಿನ ಅಂಕಿಯನ್ನು ಕೋಡ್ 4 ಅಂತ ಹಿಡಿಯುತ್ತೆ. 25 + 1.65 × 4 = 31.6. ಇದು ಗುರಿ.

ಈಗ ಸೈಟಿನಲ್ಲಿ ಒಂದು ಟ್ರಿಪ್ ಗಟ್ಟಿಯಾಗಿ ಬಂತು ಅಂತ ಮೇಸ್ತ್ರಿ ಪೈಪ್ ಹಿಡಿದು ನೀರು ಬಿಟ್ಟ. ಇನ್ನೊಂದು ಟ್ರಿಪ್ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ತಿರುಗಿ ಬಂತು. ಮತ್ತೊಂದು ಚೆನ್ನಾಗಿಯೇ ಇತ್ತು. ಸರಾಸರಿ ಅದೇ 31.6 ಬಂದರೂ ಏರುಪೇರು 4 ಇದ್ದದ್ದು 7 ಆಯಿತು ಅನ್ನಿ. ಆಗ ಕೆಳಗಿನ ಗೆರೆ 31.6 − 1.65 × 7, ಅಂದರೆ ಸುಮಾರು 20. ರಿಪೋರ್ಟಿನಲ್ಲಿ ಸರಾಸರಿ ನೋಡಿ ಎಲ್ಲರೂ ಖುಷಿ, ಆದರೆ ನೀವು ದುಡ್ಡು ಕೊಟ್ಟ ಎಂ25 ಸದ್ದಿಲ್ಲದೆ ಎಂ20 ಆಗಿದೆ. ಸರಾಸರಿ ಯಾವತ್ತೂ ಕಟ್ಟಡ ಬೀಳಿಸಲ್ಲ, ಬೀಳಿಸೋದು ಆ ಕೆಟ್ಟ ಟ್ರಿಪ್ಪು ಯಾವ ಪಿಲ್ಲರಿಗೆ ಹೋಯಿತು ಅನ್ನೋದು.

ಜೊತೆಗೆ ಆ ಕ್ಯೂಬ್‌ಗಳನ್ನು ಕಷ್ಟಪಟ್ಟು ಕುಟ್ಟಿ, ಹದವಾಗಿ ತುಂಬಿ, 28 ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮದುಮಗನ ಹಾಗೆ ನೋಡಿಕೊಂಡಿರುತ್ತಾರೆ. ಪಿಲ್ಲರಿಗೆ ಗೋಣಿಚೀಲ ಸುತ್ತಿ ಎರಡು ದಿನ ನೀರು ಚಿಮುಕಿಸಿದರೆ ದೊಡ್ಡದು. ಕಾಂಕ್ರೀಟಿಗೆ ಕೊಟ್ಟ 1.5 ಈ ವ್ಯತ್ಯಾಸಕ್ಕಾಗಿ. ಅದು ಮಹಡಿ ಏರಿಸುವವರಿಗೆ ಮೀಸಲಿಟ್ಟದ್ದಲ್ಲ, ಆ ಪೈಪ್ ಹಿಡಿದ ಮೇಸ್ತ್ರಿ ಮೊದಲೇ ತಿಂದು ಮುಗಿಸಿದ್ದಾನೆ.

ಈ 'ಬಫರ್ ಇದೆ' ಅನ್ನುವ ಮಾತು ಬರೀ ಅಪಾರ್ಟ್‌ಮೆಂಟ್ ಮೀಟಿಂಗಿನದ್ದಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದೇ ಮಾತನ್ನು ಬಹಳ ದೊಡ್ಡ ಇಂಜಿನಿಯರ್ ಒಬ್ಬರು ಆಡಿದ ಕಥೆ ಇದೆ. ಕೆನಡಾದ ಕ್ವಿಬೆಕ್ ಸೇತುವೆಯದು.

ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಉಕ್ಕಿನ ಸೇತುವೆ ಅದು. ಸಲಹೆಗಾರ ಇಂಜಿನಿಯರ್ ಥಿಯೋಡರ್ ಕೂಪರ್, ಅಮೆರಿಕದ ಸೇತುವೆ ಲೋಕದಲ್ಲಿ ದೊಡ್ಡ ಹೆಸರು. ಮೊದಲು ನಡುವಿನ ಅಂತರ 1600 ಅಡಿ ಇತ್ತು, ಕೂಪರ್ ಅದನ್ನು 1800 ಅಡಿಗೆ ಏರಿಸಿದರು. ಉದ್ದ ಹೆಚ್ಚಿದರೆ ಸೇತುವೆಯ ಸ್ವಂತ ತೂಕ ಹೆಚ್ಚುತ್ತೆ, ಅದನ್ನು ಮತ್ತೆ ಲೆಕ್ಕ ಹಾಕಬೇಕು. ಸರಿಯಾಗಿ ಹಾಕಲಿಲ್ಲ. ಜೊತೆಗೆ ಉಕ್ಕಿನ ಮೇಲೆ ಬೀಳುವ ಒತ್ತಡದ ಮಿತಿಯನ್ನೂ ಆ ಕಾಲದ ರೂಢಿಗಿಂತ ಹೆಚ್ಚಾಗಿಯೇ ಇಟ್ಟಿದ್ದರು. ಅಂದರೆ ಮಾರ್ಜಿನ್ ಆಗಲೇ ತೆಳು.

1906ರಲ್ಲಿ ತಪ್ಪು ಬೆಳಕಿಗೆ ಬಂತು. ಅಷ್ಟು ಹೊತ್ತಿಗೆ ಬಹಳಷ್ಟು ಉಕ್ಕು ತಯಾರಾಗಿತ್ತು, ಒಂದಷ್ಟು ಎದ್ದು ನಿಂತೂ ಆಗಿತ್ತು. ಒತ್ತಡ ಶೇ. 7ರಿಂದ 10ರಷ್ಟು ಹೆಚ್ಚಾಗಬಹುದು ಅಂತ ಕೂಪರ್ ಅಂದಾಜು ಮಾಡಿದರು. ಬಿಚ್ಚಿ ಮತ್ತೆ ಕಟ್ಟೋದಾ, ಮುಂದುವರಿಸೋದಾ? ಫ್ಯಾಕ್ಟರ್ ಆಫ್ ಸೇಫ್ಟಿಯೊಳಗೆ ಅದು ಹಿಡಿಸುತ್ತೆ ಅಂತ ಮುಂದುವರಿಸಿದರು.

ಆ ಗಳಿಗೆಯಲ್ಲಿ ಅವರು ಮಾಡಿದ್ದು ಇಷ್ಟೇ: ಗೊತ್ತಿಲ್ಲದ ತೊಂದರೆಗೆ ಅಂತ ಇಟ್ಟಿದ್ದ ಹಣವನ್ನು ತೆಗೆದು ಗೊತ್ತಿರುವ ತಪ್ಪಿನ ಬಿಲ್ ಕಟ್ಟಿದರು. ಗೊತ್ತಿಲ್ಲದ ತೊಂದರೆ ಅಲ್ಲೇ ಕೂತಿತ್ತು. ಸೇತುವೆಯ ಕೆಳಗಿನ ದೊಡ್ಡ ಒತ್ತು ಸದಸ್ಯಗಳು, ಅವರ ಭಾಷೆಯಲ್ಲಿ ಕಾರ್ಡ್‌ಗಳು, ಒಂದೇ ಗಟ್ಟಿ ತುಂಡಲ್ಲ. ಉಕ್ಕಿನ ಹಲಗೆಗಳನ್ನು ಅಕ್ಕಪಕ್ಕ ನಿಲ್ಲಿಸಿ, ಜಾಲರಿಯಂಥ ಸಣ್ಣ ಪಟ್ಟಿಗಳಿಂದ ರಿವೆಟ್ ಹೊಡೆದು ಕಟ್ಟಿದ್ದವು. ಆ ಪಟ್ಟಿಗಳು ಗಟ್ಟಿಯಿದ್ದರೆ ಮಾತ್ರ ಹಲಗೆಗಳು ಒಂದೇ ಸದಸ್ಯದಂತೆ ನಿಲ್ಲುತ್ತವೆ, ಇಲ್ಲದಿದ್ದರೆ ಒಂದೊಂದಾಗಿ ಬಳುಕುತ್ತವೆ. ಅಷ್ಟು ದೊಡ್ಡ ಸದಸ್ಯಕ್ಕೆ ಪಟ್ಟಿ ಎಷ್ಟು ಗಟ್ಟಿ ಇರಬೇಕು ಅನ್ನೋದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

1907ರ ಆಗಸ್ಟಿನಲ್ಲಿ ಕಾರ್ಡ್‌ಗಳು ಬಾಗಿರುವುದು ಕಂಡಿತು. ಒಂದರ ಬಾಗು ಮುಕ್ಕಾಲು ಇಂಚು ಇದ್ದದ್ದು ಕೆಲವೇ ದಿನದಲ್ಲಿ ಎರಡು ಇಂಚು ದಾಟಿತು. ಮೊದಲೇ ಬಾಗಿದ್ದಿರಬೇಕು ಅಂತ ಕೆಲವರು ವಾದ ಮಾಡಿದರು. ಸೈಟಿನಲ್ಲಿದ್ದ ಕೂಪರ್ ಅವರ ಪ್ರತಿನಿಧಿ ನಾರ್ಮನ್ ಮೆಕ್ಲೂರ್ ರೈಲು ಹಿಡಿದು ನ್ಯೂಯಾರ್ಕಿಗೆ ಹೋದರು. ಆಗಸ್ಟ್ 29ರಂದು ಕೂಪರ್ ಟೆಲಿಗ್ರಾಂ ಕಳಿಸಿದರು, ಸೇತುವೆ ಮೇಲೆ ಇನ್ನು ಭಾರ ಹೇರಬೇಡಿ ಅಂತ. ಅದು ಹೋಗಿದ್ದು ಪೆನ್ಸಿಲ್ವೇನಿಯಾದಲ್ಲಿದ್ದ ಸೇತುವೆ ಕಂಪನಿಯ ಕಚೇರಿಗೆ, ಕ್ವಿಬೆಕ್‌ಗೆ ಅಲ್ಲ. ಅದೇ ದಿನ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಸೇತುವೆ ನದಿಗೆ ಕುಸಿಯಿತು. 75 ಜನ ಸತ್ತರು. ಅವರಲ್ಲಿ ಬಹಳ ಜನ ಕಾನವಾಗೆಯ ಮೋಹಾಕ್ ಕೆಲಸಗಾರರು. ಆಮೇಲೆ ಆ ಕಾರ್ಡಿನ ಸಣ್ಣ ಮಾದರಿ ಮಾಡಿ ಯಂತ್ರದಲ್ಲಿ ಒತ್ತಿ ನೋಡಿದರು. ಜಾಲರಿ ಪಟ್ಟಿಗಳ ರಿವೆಟ್‌ಗಳು ಕತ್ತರಿಸಿಹೋದವು.

ಕೂಪರ್ ದಡ್ಡರಲ್ಲ, ನಮ್ಮ ಮ್ಯಾನೇಜರ್ ಸಾಹೇಬರೂ ಅಲ್ಲ. ಶೇ. 10 ಒತ್ತಡವನ್ನು ಮಾತ್ರ ನೋಡಿದರೆ ಕೂಪರ್ ಲೆಕ್ಕದಲ್ಲಿ ಅದು ನಿಜಕ್ಕೂ ಹಿಡಿಸುತ್ತಿತ್ತು. ಆದರೆ ಮಾರ್ಜಿನ್ನನ್ನು ಎರಡು ಸಲ ಖರ್ಚು ಮಾಡೋಕಾಗಲ್ಲ.

ಇದನ್ನು ಹೇಳಿದರೆ ಇನ್ನೊಂದು ಗುಂಪು ಎದ್ದು ನಿಲ್ಲುತ್ತೆ. ಸ್ವಂತ ಮನೆ ಕಟ್ಟಿಸುತ್ತಿರುವ ಅಂಕಲ್‌ಗಳದ್ದು. "ಅದಕ್ಕೇ ನೋಡಿ, ನಾನು ಇಂಜಿನಿಯರ್ ಹೇಳಿದ್ದಕ್ಕಿಂತ ಡಬಲ್ ಹಾಕಿಸಿದೀನಿ" ಅಂತಾರೆ. ಇದೂ ಅದೇ ಸೋಮಾರಿತನದ ಇನ್ನೊಂದು ಮುಖ. 125 ಎಂಎಂ ಸ್ಲ್ಯಾಬನ್ನು 200 ಮಾಡಿದರೆ ಚದರ ಮೀಟರಿಗೆ ಸುಮಾರು 187 ಕೆಜಿ ಹೆಚ್ಚುತ್ತೆ. ಮೂವತ್ತು ನಲವತ್ತರ ಸೈಟಿನಲ್ಲಿ 90 ಚದರ ಮೀಟರಿನ ಒಂದು ಮಹಡಿಗೆ ಅದು ಹದಿನೇಳು ಟನ್ ಹತ್ತಿರ, ನಾಲ್ಕು ಸ್ಲ್ಯಾಬಿಗೆ ಅರವತ್ತೇಳು ಟನ್. ಅಷ್ಟೂ ಹೋಗಿ ಕೂರೋದು ಮಣ್ಣು ಪರೀಕ್ಷೆಯನ್ನೇ ಮಾಡಿಸದ ಪಾಯದ ಮೇಲೆ. ಗೊತ್ತಿದ್ದ ಕಡೆ ದುಡ್ಡು ಸುರಿದು ಗೊತ್ತಿಲ್ಲದ ಕಡೆ ಭಾರ ಹೇರಿದ ಹಾಗಾಯಿತು. ಕೋಡಿನಲ್ಲಿ ಇನ್ನೊಂದು ಸೊಗಸಾದ ಸಂಗತಿ ಇದೆ: ಗಾಳಿಗೆ ಉರುಳದಂತೆ ಸ್ವಂತ ತೂಕವೇ ಹಿಡಿದಿಡಬೇಕಾದ ಕಡೆ ಆ ತೂಕವನ್ನು 1.5ರಿಂದ ಅಲ್ಲ, 0.9ರಿಂದ ಗುಣಿಸು ಅನ್ನುತ್ತೆ. ಅಲ್ಲಿ ತೂಕ ಶತ್ರು ಅಲ್ಲ, ಸ್ನೇಹಿತ. ಸ್ನೇಹಿತ ಪೂರ್ತಿ ಬರ್ತಾನೆ ಅಂತ ನಂಬಬೇಡ ಅಂತ.

ಮತ್ತೆ ಒಂದು ವಿಷಯಕ್ಕೆ ಯಾವ ಫ್ಯಾಕ್ಟರೂ ಉತ್ತರ ಅಲ್ಲ: ನೇರ ತಪ್ಪು. ಬಾಲ್ಕನಿ ತಗೊಳ್ಳಿ. ಗೋಡೆಯಿಂದ ಆಚೆ ಚಾಚಿದ ಸ್ಲ್ಯಾಬ್, ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು. 125 ಎಂಎಂ ದಪ್ಪದಲ್ಲಿ ಕಂಬಿ ತಳದಿಂದ 100 ಎಂಎಂ ಎತ್ತರದಲ್ಲಿರಲಿ ಅಂತ ಡ್ರಾಯಿಂಗ್ ಹೇಳುತ್ತೆ. ಮೋಲ್ಡ್ ಹಾಕುವ ದಿನ ಹತ್ತು ಜನ ಬಾಂಡ್ಲಿ ಹೊತ್ತು ಆ ಕಂಬಿ ತುಳಿದುಕೊಂಡೇ ಓಡಾಡ್ತಾರೆ. ಕೆಳಗೆ ಚೇರ್ ಇಟ್ಟಿರಲಿಲ್ಲ ಅಂದ್ರೆ ಕಂಬಿ 40 ಎಂಎಂ ಕೆಳಗಿಳಿಯೋದು ದೊಡ್ಡ ಮಾತಲ್ಲ. 100 ಇದ್ದದ್ದು 60 ಆಯಿತು. ಶಕ್ತಿಯೂ ಶೇ. 60ಕ್ಕೆ, ನಿಜ ಹೇಳಬೇಕೆಂದರೆ ಅದಕ್ಕಿಂತ ಸ್ವಲ್ಪ ಕೆಳಕ್ಕೆ ಇಳಿಯುತ್ತೆ. ಭಾರದ 1.5, ಕಬ್ಬಿಣದ 1.15 ಎರಡನ್ನೂ ಗುಣಿಸಿದರೆ 1.725 ಇತ್ತು. ಅದರ ಶೇ. 60 ಅಂದರೆ ಒಂದು ಚಿಲ್ಲರೆ. ಒಬ್ಬನ ಕಾಲಿನ ಕೆಳಗೆ ಎರಡೂ ಫ್ಯಾಕ್ಟರ್ ಹೋಯಿತು. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ, ಪ್ಲಾಸ್ಟರ್ ಆಗಿ ಬಣ್ಣ ಬಳಿದಿರುತ್ತೆ. ಗೋಡೆ ಸೇರುವ ಜಾಗದಲ್ಲಿ ಮೇಲ್ಭಾಗದಲ್ಲಿ ಉದ್ದಕ್ಕೆ ಬಿರುಕು ಬಂದರೆ ಅದು ಮೊದಲ ಸೂಚನೆ, ಅಲ್ಲಿ ಟೈಲ್ಸ್ ಹಾಕಿದ್ದರೆ ಆ ಸೂಚನೆಯೂ ಇಲ್ಲ. ನಾಲ್ಕು ಕಡೆ ಬೀಮ್ ಇರುವ ಸ್ಲ್ಯಾಬಿನ ಹಾಗೆ ಹಂಚಿಕೊಳ್ಳಲು ಇದಕ್ಕೆ ಅಕ್ಕಪಕ್ಕದವರಿಲ್ಲ. ಆದರೂ ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ಅದೇ 1.5. ಇಲ್ಲಿ ಕೋಡಿನ ಜೊತೆಯೂ ನನ್ನ ತಕರಾರು ಇದೆ. ನಾನಂತೂ ಬಾಲ್ಕನಿಗೆ ಕೋಡ್ ಕೇಳಿದ್ದಕ್ಕಿಂತ ದಪ್ಪ ಇಡ್ತೀನಿ, ಮೋಲ್ಡ್ ದಿನ ಬೆಳಿಗ್ಗೆ ಆರಕ್ಕೇ ಹೋಗಿ ಚೇರ್ ಎಣಿಸ್ತೀನಿ. ಎರಡರಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿರೋದು ಚೇರ್ ಎಣಿಸೋದು.

ಹಾಗಾದರೆ ಹಳೆಯ ಕಟ್ಟಡದ ಮೇಲೆ ಏನೂ ಹೊಸದಾಗಿ ಇಡಲೇಬಾರದಾ? ಇಡಬಹುದು. ಆದರೆ ಮಾರ್ಜಿನ್ ಕಡಿಮೆ ಮಾಡಿಕೊಳ್ಳುವ ಹಕ್ಕನ್ನು ಮಾಹಿತಿ ಕೊಟ್ಟು ಕೊಂಡುಕೊಳ್ಳಬೇಕು. ಮೂಲ ಡ್ರಾಯಿಂಗ್ ಹುಡುಕಿ. ಕಂಬಿ ಎಲ್ಲಿದೆ, ಎಷ್ಟು ದೂರದಲ್ಲಿದೆ ಅಂತ ಕವರ್ ಮೀಟರ್ ಇಟ್ಟು ನೋಡಿಸಿ. ಅನುಮಾನ ಇದ್ದ ಕಡೆ ಕಾಂಕ್ರೀಟಿನ ಕೋರ್ ತೆಗೆಸಿ ಒಡೆಸಿ. ಅಲ್ಲಿಗೂ ತೃಪ್ತಿ ಇಲ್ಲ ಅಂದ್ರೆ ಲೋಡ್ ಟೆಸ್ಟ್ ಇದೆ: ಸ್ಲ್ಯಾಬಿನ ಪೂರ್ತಿ ಸ್ವಂತ ಭಾರದ ಜೊತೆಗೆ ಹೆಚ್ಚುವರಿ ಭಾರದ 1.25 ಪಟ್ಟು ಇಟ್ಟು 24 ಗಂಟೆ ಬಿಟ್ಟು ತೆಗೆಯೋದು. ಇನ್ನೊಂದು 24 ಗಂಟೆಯೊಳಗೆ ಬಗ್ಗಿದ್ದರಲ್ಲಿ ಶೇ. 75ರಷ್ಟಾದರೂ ವಾಪಸ್ ಎದ್ದರೆ ಪಾಸು. ಗಮನಿಸಿ, ಇಲ್ಲಿ 1.5 ಅಲ್ಲ, 1.25. ಕಣ್ಣಾರೆ ನೋಡಿದ ಸ್ಲ್ಯಾಬಿಗೆ ಕೋಡೇ ಅಂಕಿ ಇಳಿಸುತ್ತೆ. ಇವೆಲ್ಲದರ ಖರ್ಚು ಮಣ್ಣಿನ ಲಾರಿಗಿಂತ ಹೆಚ್ಚಾಗುತ್ತೆ, ಅದಕ್ಕೇ ಯಾರೂ ಮಾಡಿಸಲ್ಲ.

ಮೀಟಿಂಗಿನಲ್ಲಿ ನಾನು ಇಷ್ಟೆಲ್ಲ ಹೇಳಲಿಲ್ಲ. 1140 ಮತ್ತು 900 ಎರಡನ್ನು ವೈಟ್‌ಬೋರ್ಡ್ ಮೇಲೆ ಬರೆದು ಸುಮ್ಮನೆ ಕೂತೆ. ಮ್ಯಾನೇಜರ್ ಸ್ವಲ್ಪ ಹೊತ್ತು ನೋಡಿ, "ಸರ್, ಮಣ್ಣು ಅರ್ಧ ಅಡಿ ಮಾಡಿದ್ರೆ?" ಅಂದರು. ಒಳ್ಳೆ ಪ್ರಶ್ನೆ, ಲೆಕ್ಕ ಹಾಕಿದೆವು: 450, 270, 150, ಒಟ್ಟು 870. 900ರ ಒಳಗೆ ಬಂತು ಅಂತ ಅವರ ಮುಖ ಅರಳಿತು. ಆ 900 ಮುಟ್ಟಬೇಕಾದ ಗೆರೆ ಅಲ್ಲ, ಮಾಮೂಲಿ ದಿನದಲ್ಲಿ 600ರ ಆಸುಪಾಸು ಇರಬೇಕಾದ ಸ್ಲ್ಯಾಬ್ ಇದು ಅಂದೆ. ಮುಖ ಮತ್ತೆ ಬಾಡಿತು. ಕೊನೆಗೆ ಕಟ್ಟೆ ಬೇಡ, ಬೀಮಿನ ಮೇಲೆ ಸಾಲಾಗಿ ಕೋಕೊಪೀಟ್ ತುಂಬಿದ ಗ್ರೋ ಬ್ಯಾಗ್ ಇಡೋಣ, ಅದೂ ಡ್ರಾಯಿಂಗ್ ಸಿಕ್ಕಿ ಬೀಮ್ ಎಲ್ಲಿದೆ ಅಂತ ಗೊತ್ತಾದ ಮೇಲೆ ಅಂತ ಆಯಿತು. ಡ್ರಾಯಿಂಗ್ ಯಾರ ಹತ್ತಿರವೂ ಇಲ್ಲ. ಬಿಲ್ಡರ್ ಫೋನ್ ಎತ್ತುತ್ತಿಲ್ಲ. ಮಣ್ಣಿನ ಲಾರಿಯವನು ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಿದ್ದಾನಂತೆ.